ಈ ಫೋಟೋದಲ್ಲಿರೋ ಬೊಂಬೆ, ಬುಗುರಿ, ಗೋಲಿ ಯಾವ ಕಡೆಯವು? ಗೊತ್ತಿದ್ದವರು ಹೇಳಿ

ಹಳೇಪೆಟ್ಟಿಗೆ
ಎಲ್ಲರಿಗೂ ನಮಸ್ಕಾರ. ಹಳೆಯ ಆಟದ ಸಾಮಾನುಗಳ ಒಂದು ಡಬ್ಬಿ ಕೈಗೆ ಬಂದಿದೆ. ಮೂರು ಫೋಟೋ ಹಾಕಿದ್ದೇನೆ. ಮೊದಲನೆಯದರಲ್ಲಿ ಮರದ ಬೊಂಬೆ, ಒಂದು ಗೇಣಿಗಿಂತ ಸ್ವಲ್ಪ ಕಮ್ಮಿ ಎತ್ತರ. ಕೈಕಾಲು ಇಲ್ಲ, ದುಂಡು ತಲೆ, ಸೊಂಟದ ಹತ್ತಿರ ಸುತ್ತಲೂ ಒಂದು ಗೀರು. ಮೈ ಕೆಂಪು, ಮಧ್ಯೆ ಹಳದಿ ಮತ್ತು ನೇರಳೆ ಪಟ್ಟಿ, ಹೊಳಪು ಇನ್ನೂ ಇದೆ. ಎರಡನೆಯದು ಅದನ್ನೇ ಹಿಂದಿನಿಂದ ತೆಗೆದದ್ದು. ಮೂರನೆಯದರಲ್ಲಿ ಒಂದು ಬುಗುರಿ, ಮೂರು ಗೋಲಿ.

ಇವು ಎಲ್ಲಿಯವು, ಎಷ್ಟು ಹಳೆಯವು ಅಂತ ಫೋಟೋ ನೋಡಿ ಹೇಳಬಹುದಾ? ಬೊಂಬೆಯ ಬಗ್ಗೆ ಮುಖ್ಯವಾಗಿ ತಿಳ್ಕೋಬೇಕು.

ಸುಮ್ನೆ_ಬಂದೆ
ಚನ್ನಪಟ್ಟಣ. ಇದರಲ್ಲಿ ಕೇಳೋದೇನಿದೆ.

ವಾದಪ್ರಿಯ
ಸೊಂಟದಲ್ಲಿ ಗೀರು ಇದೆಯಲ್ಲ, ಅದು ಬಿಚ್ಚೋ ಜಾಗ. ರಷ್ಯಾದ ಮತ್ರಿಯೋಷ್ಕಾ ಇದು. ಒಂದರೊಳಗೆ ಒಂದು ಇರುತ್ತಲ್ಲ, ಅದು. ತಿರುಗಿಸಿ ನೋಡಿ, ಒಳಗೆ ಚಿಕ್ಕದು ಸಿಗುತ್ತೆ.

ನವಿಲುಗರಿ
ನನಗೆ ಜಪಾನಿನ ಕೊಕೆಶಿ ಅನ್ನಿಸ್ತು. ಕೈಯಿಲ್ಲ, ಕಾಲಿಲ್ಲ, ದುಂಡು ತಲೆ, ಉದ್ದ ಮೈ. ಕೊಕೆಶಿ ಹೀಗೇ ಇರೋದು.

ಹಳೇಪೆಟ್ಟಿಗೆ
@ವಾದಪ್ರಿಯ ತಿರುಗಿಸೋಕೆ ಪ್ರಯತ್ನ ಮಾಡಿದೆ, ಅಲ್ಲಾಡ್ತಿಲ್ಲ. ಇನ್ನೂ ಜೋರಾಗಿ ತಿರುಗಿಸಲಾ?

ಲೇತ್_ಮಾಸ್ಟರ್
ಬೇಡ, ಬೇಡ! ಜೋರಾಗಿ ತಿರುಗಿಸಬೇಡಿ. ಮೊದಲು ಫೋಟೋ ನೋಡೋಣ.

ಎರಡನೇ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಬೊಂಬೆಯ ಬೆನ್ನಿನಲ್ಲಿ ನೆತ್ತಿಯಿಂದ ಕೆಳಗೆ ಕೂದಲೆಳೆಯಷ್ಟು ಸಣ್ಣ ಬಿರುಕು ಇಳಿದಿದೆ. ಅದು ಸೊಂಟದ ಗೀರನ್ನು ದಾಟಿ ಕೆಳಗೂ ಹೋಗಿದೆ. ಗೀರಿನ ತಳದಲ್ಲೂ ಆ ಬಿರುಕು ಕಾಣುತ್ತೆ, ಎಲ್ಲೂ ಕಡಿದಿಲ್ಲ. ಬಿಚ್ಚೋ ಬೊಂಬೆಯಾಗಿದ್ದರೆ ಆ ಗೀರಿಗೆ ತಳವೇ ಇರೋದಿಲ್ಲ, ಎರಡು ತುಂಡಿನ ಮಧ್ಯೆ ಕಪ್ಪಗೆ ಸಂದು ಕಾಣುತ್ತೆ. ಹಾಗಾಗಿ ಇದು ಒಂದೇ ಕಟ್ಟಿಗೆಯಲ್ಲಿ ಕಡೆದದ್ದು. ಗೀರು ಅಲಂಕಾರಕ್ಕೆ ಉಳಿಯಲ್ಲಿ ಹಾಕಿದ್ದು ಅಷ್ಟೇ.

ವಾದಪ್ರಿಯ
ಇದನ್ನ ನಾನು ಒಪ್ಪಲ್ಲ ಸರ್. ಮತ್ರಿಯೋಷ್ಕಾದ ಮೇಲಿನ ತುಂಡು, ಕೆಳಗಿನ ತುಂಡು ಎರಡನ್ನೂ ಒಂದೇ ಜಾತಿಯ, ಒಂದೇ ಸಲ ಒಣಗಿದ ಕಟ್ಟಿಗೆಯಿಂದ ಕಡೀತಾರೆ. ಎರಡರಲ್ಲೂ ಒಂದೇ ನೇರಕ್ಕೆ ಬಿರುಕು ಬರಬಹುದಲ್ಲ?

ಲೇತ್_ಮಾಸ್ಟರ್
ಬರಬಹುದು. ಆದ್ರೆ ಎರಡು ಬೇರೆ ತುಂಡುಗಳು ಬೇರೆ ಬೇರೆಯಾಗಿ ಒಣಗಿ ಕುಗ್ಗುತ್ತವೆ. ಬಿರುಕಿನ ಅಗಲ ಗೀರಿನ ಮೇಲೆ ಒಂಥರಾ, ಕೆಳಗೆ ಇನ್ನೊಂಥರಾ ಇರುತ್ತೆ. ಸಾಮಾನ್ಯವಾಗಿ ಸ್ವಲ್ಪ ಪಕ್ಕಕ್ಕೂ ಸರಿದಿರುತ್ತೆ. ಇಲ್ಲಿ ಅಗಲ ಒಂದೇ ಸಮ ಇದೆ. ಅದಕ್ಕಿಂತ ಮುಖ್ಯ, ಗೀರಿನ ತಳದಲ್ಲಿ ಕೆಂಪು ಬಣ್ಣ ಇದೆ. ಬಿಚ್ಚಿ ಮುಚ್ಚೋ ಸಂದಿನ ತಳದಲ್ಲಿ ಬಣ್ಣ ನಿಲ್ಲೋಕೆ ಜಾಗ ಎಲ್ಲಿದೆ?

ವಾದಪ್ರಿಯ
ಹ್ಮ್. ಗೀರಿನ ತಳದ ಮಾತು ಸರಿ ಅನ್ಸುತ್ತೆ. ಆದ್ರೂ ಆಕಾರ ರಷ್ಯಾದ್ದೇ.

ಬೆರಳು_ಬುಗುರಿ
ಆಕಾರ ನೋಡಿ ಊರು ಹೇಳೋದು ಕಷ್ಟ ಗುರು. ಲೇತಿನಲ್ಲಿ ತಿರುಗೋ ಕಟ್ಟಿಗೆಯಿಂದ ದುಂಡು ತಲೆ, ದುಂಡು ಮೈ ಬಿಟ್ಟು ಬೇರೆ ಏನು ಬರುತ್ತೆ? ಜಪಾನ್, ರಷ್ಯಾ, ಚನ್ನಪಟ್ಟಣ ಎಲ್ಲಾ ಕಡೆ ಅದೇ ಯಂತ್ರ, ಅದೇ ಆಕಾರ. ಮತ್ರಿಯೋಷ್ಕಾ ಶುರುವಾಗಿದ್ದೇ 1890ರ ದಶಕದಲ್ಲಿ. ಅದಕ್ಕೂ ಜಪಾನಿನ ಬೊಂಬೆ ಸ್ಫೂರ್ತಿ ಅಂತ ಒಂದು ಕಥೆ ಇದೆ.

ನವಿಲುಗರಿ
ಹಾಗಾದ್ರೆ ನನ್ನ ಕೊಕೆಶಿ ಗೆದ್ದಿತಾ? 😄

ಲೇತ್_ಮಾಸ್ಟರ್
ಇಲ್ಲ ಮೇಡಂ. ಆಕಾರದ ಮಟ್ಟಿಗೆ ನಿಮ್ಮ ಊಹೆ ತಪ್ಪಲ್ಲ. ಬಣ್ಣ ಹಚ್ಚಿರೋ ರೀತಿಯಲ್ಲಿ ಹೊಂದಲ್ಲ. ಸಂಪ್ರದಾಯದ ಕೊಕೆಶಿಯಲ್ಲಿ ಬಿಳಿ ಮರ ಹಾಗೇ ಕಾಣುತ್ತೆ. ಅದರ ಮೇಲೆ ಕುಂಚದಲ್ಲಿ ಹೂವು, ಗೆರೆ, ಸಣ್ಣ ಕಣ್ಣು ಬರೆದು ಮೇಲೆ ಮೇಣ ಉಜ್ಜಿರುತ್ತಾರೆ. ಇಲ್ಲಿ ಮೈಪೂರ್ತಿ ದಪ್ಪ ಬಣ್ಣ, ಗಾಜಿನ ಥರ ಹೊಳಪು. ಜೊತೆಗೆ ಕೊಕೆಶಿ ಮಾಡಿದವರು ಸಾಮಾನ್ಯವಾಗಿ ಬುಡದಲ್ಲಿ ಶಾಯಿಯಲ್ಲಿ ಹೆಸರು ಬರೆದಿರ್ತಾರೆ.

@ಹಳೇಪೆಟ್ಟಿಗೆ ಅದಕ್ಕೇ ಕೇಳ್ತಿದ್ದೇನೆ, ಬುಡದ ಫೋಟೋ ಯಾಕೆ ಹಾಕಿಲ್ಲ? ಎಲ್ಲರೂ ಮುಖದ ಫೋಟೋ ಹಾಕ್ತಾರೆ. ಬೊಂಬೆ ಹೇಗೆ ಮಾಡಿದ್ದು ಅನ್ನೋ ಕಥೆ ಇರೋದು ಬುಡದಲ್ಲಿ.

ಹಳೇಪೆಟ್ಟಿಗೆ
ನಾಳೆ ಬೆಳಕಿನಲ್ಲಿ ತೆಗೆದು ಹಾಕ್ತೇನೆ ಸರ್. ಹೇಗೆ ತೆಗೀಬೇಕು ಹೇಳಿ. ಮೊದಲ ಫೋಟೋಗಳನ್ನ ರಾತ್ರಿ ಬಲ್ಬಿನ ಕೆಳಗೆ ಫ್ಲ್ಯಾಶ್ ಹಾಕಿ ತೆಗೆದೆ.

ಲೇತ್_ಮಾಸ್ಟರ್
ಫ್ಲ್ಯಾಶ್ ಬೇಡವೇ ಬೇಡ. ಹೊಳಪಿನ ಮೇಲೆ ಬೆಳಕು ಬಿದ್ದು ಬಿಳಿ ಚುಕ್ಕೆ ಆಗುತ್ತೆ, ನೋಡಬೇಕಾದದ್ದೇ ಮುಚ್ಚಿಹೋಗುತ್ತೆ. ಹಳದಿ ಬಲ್ಬಿನಲ್ಲಿ ಬಿಳಿ ಮರವೂ ಕಂದು ಕಾಣುತ್ತೆ, ಆಮೇಲೆ ಯಾವ ಮರ ಅಂತ ಜಗಳ. ಕಿಟಕಿ ಪಕ್ಕ ಬಿಳಿ ಹಾಳೆಯ ಮೇಲೆ ಇಡಿ. ಬೆಳಕು ಒಂದು ಬದಿಯಿಂದ, ಓರೆಯಾಗಿ ಬರಲಿ. ಉಬ್ಬು ತಗ್ಗು, ಉಳಿಯ ಗುರುತು ಆಗ ಮಾತ್ರ ಕಾಣೋದು. ಪಕ್ಕದಲ್ಲಿ ಅಳತೆ ಪಟ್ಟಿ ಇಡಿ. ಮೊಬೈಲನ್ನು ತೀರಾ ಹತ್ತಿರ ತರಬೇಡಿ, ತಲೆ ದೊಡ್ಡದಾಗಿ ಮೈ ಚಿಕ್ಕದಾಗಿ ಬರುತ್ತೆ. ಎರಡಡಿ ದೂರದಿಂದ ಜೂಮ್ ಮಾಡಿ ತೆಗೀರಿ.

ಬೇಕಾದ ಫೋಟೋ ಮೂರೇ. ಬುಡ, ಎರಡು ಬಣ್ಣ ಸೇರೋ ಅಂಚು, ಬಣ್ಣ ಎದ್ದುಹೋಗಿರೋ ಜಾಗ.

ಗೋಲಿಗುಂಡ
ಬೊಂಬೆ ಗಲಾಟೆಯಲ್ಲಿ ಗೋಲಿ ಮರೆತೇಬಿಟ್ರಿ. ನಾನು ಹೇಳ್ತೀನಿ ಕೇಳಿ.

ಎಡಗಡೆಯದು ತಿಳಿ ಹಸಿರು ಗಾಜು, ಒಳಗೆ ಏನೂ ಇಲ್ಲ. ಸೋಡಾ ಬಾಟಲಿಯ ಗೋಲಿ ಇರಬಹುದು. ಹೈರಮ್ ಕಾಡ್ 1872ರಲ್ಲಿ ಪೇಟೆಂಟ್ ಪಡೆದ ಬಾಟಲಿ ಅದು. ಬಾಟಲಿ ಒಡೆದು ಗೋಲಿ ತೆಗೆಯೋದು ಎಷ್ಟೋ ದೇಶದ ಹುಡುಗರ ಕೆಲಸ. ಆದ್ರೆ ಅಂಥದೇ ಬಣ್ಣದ ಬರೀ ಆಟದ ಗೋಲಿಯೂ ಇದೆ. ಫೋಟೋದಲ್ಲಿ ಎರಡಕ್ಕೂ ವ್ಯತ್ಯಾಸ ಹೇಳೋಕೆ ಬರಲ್ಲ.

ಬಲಗಡೆಯದು ಬೆಕ್ಕಿನ ಕಣ್ಣು. ತಿಳಿ ಗಾಜಿನೊಳಗೆ ಬಣ್ಣದ ರೆಕ್ಕೆ. ಯಂತ್ರದಲ್ಲಿ ಮಾಡಿದ್ದು. ಅದರಲ್ಲಿ ವಿಶೇಷ ಏನಿಲ್ಲ.

ಮಧ್ಯದ್ದು ಮಜಾ ಇದೆ. ಒಳಗೆ ಬಿಳಿ, ಕೆಂಪು ಎಳೆಗಳು ತಿರುಚಿಕೊಂಡು ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿವೆ. ಒಂದು ತುದಿಯಲ್ಲಿ ಒರಟು ಕಲೆ ಕಾಣ್ತಿದೆ. ಇದು ಕೈಯಲ್ಲಿ ಮಾಡಿದ ಗೋಲಿ. ಬಣ್ಣದ ಗಾಜಿನ ಕೋಲನ್ನು ಕಾಯಿಸಿ ತಿರುಚಿ, ತುದಿಯನ್ನು ದುಂಡಾಗಿಸಿ ಕತ್ತರಿಸ್ತಾರೆ. ಕತ್ತರಿಸಿದ ಜಾಗದಲ್ಲಿ ಆ ಒರಟು ಉಳಿಯುತ್ತೆ.

ಸುಮ್ನೆ_ಬಂದೆ
ಮಧ್ಯದ ಗೋಲಿಯಲ್ಲಿ ಗುಳ್ಳೆ ಇದೆ. ಗುಳ್ಳೆ ಇದ್ರೆ ತುಂಬಾ ಹಳೇದು ಅಂತ ಕೇಳಿದ್ದೆ.

ಗೋಲಿಗುಂಡ
ಗುಳ್ಳೆ ನಂಬಬೇಡಿ. ಹೊಸ ಗಾಜಿನಲ್ಲೂ ಗುಳ್ಳೆ ಬರುತ್ತೆ, ಹಳೇ ಗಾಜಿನಲ್ಲಿ ಇಲ್ಲದೆಯೂ ಇರುತ್ತೆ. ನೋಡಬೇಕಾದ್ದು ತುದಿಗಳನ್ನು. ಎಳೆಗಳೆಲ್ಲ ಎರಡು ತುದಿಯಲ್ಲಿ ಬಂದು ಸೇರಿದ್ರೆ, ಒಂದರಲ್ಲಾದ್ರೂ ಕತ್ತರಿಸಿದ ಒರಟು ಇದ್ರೆ, ಕೈಯದ್ದು. ಯಂತ್ರದ್ದಾದ್ರೆ ಮೈಯೆಲ್ಲ ನುಣುಪು. ಕತ್ತರಿಸಿದ ಗುರುತು ಕಂಡ್ರೂ ಅದು ಗಾಜಿನ ಬಣ್ಣದ ಎಳೆಯಲ್ಲಿ ಮಡಿಕೆಯಾಗಿ ಕಾಣುತ್ತೆ, ಮುಟ್ಟಿದ್ರೆ ಕೈಗೆ ಸಿಗಲ್ಲ.

ಇಂಥ ತಿರುಚಿದ ಗೋಲಿ ಅಂದ್ರೆ ಮೊದಲು ನೆನಪಾಗೋದು ಜರ್ಮನಿಯ ಲೌಷಾ. 1840ರ ದಶಕದಲ್ಲಿ ಅಲ್ಲಿ ಗೋಲಿ ಕತ್ತರಿ ಬಂದ ಮೇಲೆ ಲೆಕ್ಕವಿಲ್ಲದಷ್ಟು ಮಾಡಿ ಹೊರದೇಶಕ್ಕೆ ಕಳಿಸ್ತಿದ್ರು.

ಬೆರಳು_ಬುಗುರಿ
ಹಾಗಂತ ಇದು ಲೌಷಾದ್ದೇ ಅನ್ನೋಕಾಗಲ್ಲ. ಈಗಲೂ ಗಾಜಿನ ಕಲಾವಿದರು ಅದೇ ಥರ ಕೈಯಲ್ಲಿ ಮಾಡ್ತಾರೆ, ಅದಕ್ಕೂ ತುದಿಯಲ್ಲಿ ಒರಟು ಇರುತ್ತೆ. ಮೈಮೇಲೆ ಆಡಿದ ಗುರುತು, ಅಂದ್ರೆ ಸಣ್ಣ ಅರ್ಧಚಂದ್ರದ ಥರ ಏಟಿನ ಕಲೆ ಇದ್ರೆ ಆಡಿದ್ದು ಅಂತ ಹೇಳಬಹುದು. ಅದೂ ವಯಸ್ಸು ಹೇಳಲ್ಲ.

ಗೋಲಿಗುಂಡ
ಒರಟಿನ ಅಂಚು ನೋಡಿ. ಹಳೆಯದರಲ್ಲಿ ಆ ಅಂಚು ಸವೆದು ಮಂಕಾಗಿರುತ್ತೆ. ಹೊಸದರಲ್ಲಿ ಚೂಪು, ಇಲ್ಲಾಂದ್ರೆ ಬೆಂಕಿಯಲ್ಲಿ ಕರಗಿಸಿ ನುಣ್ಣಗೆ ಮಾಡಿರ್ತಾರೆ. ಈ ಫೋಟೋದಲ್ಲಿ ಮಂಕಾಗಿದೆ. ನನ್ನ ಮಟ್ಟಿಗೆ ಹಳೇದೇ.

ಬೆರಳು_ಬುಗುರಿ
ರಾತ್ರಿ ಬಲ್ಬಿನ ಫೋಟೋದಲ್ಲಿ ಎಲ್ಲಾ ಮಂಕೇ. ಹಗಲಿನ ಫೋಟೋ ಬರೋವರೆಗೂ ನಾನು ಒಪ್ಪಲ್ಲ.

ಆಟಗಾರ
ಗೋಲಿ ಆಟದ ನಿಯಮ ಯಾರಾದ್ರೂ ಬರೀತೀರಾ? ಗುಳಿಗೆ ಹಾಕೋ ಆಟದಲ್ಲಿ ಮೊದಲು ಯಾರು ಹೊಡೀಬೇಕು ಅಂತ ನಮ್ಮಲ್ಲಿ ಜಗಳ ನಡೀತಿದೆ.

ನವಿಲುಗರಿ
ಅಣ್ಣ, ಇಲ್ಲಿ ಯಾವ ಗೋಲಿ ಅಂತ ಕೇಳ್ತಿದ್ದಾರೆ, ಹೇಗೆ ಆಡೋದು ಅಂತ ಅಲ್ಲ.

ಆಟಗಾರ
ಓ ಸರಿ. ಆದ್ರೂ ಗೊತ್ತಿದ್ರೆ ಹೇಳಿ.

ವಾದಪ್ರಿಯ
ಬುಗುರಿ ನೋಡಿ. ಮೊಳೆ ಬಿದ್ದುಹೋಗಿದೆ. ಚಾಟಿ ಸುತ್ತಿ ಬಿಡೋ ಬುಗುರಿ ಇದು.

ಬೆರಳು_ಬುಗುರಿ
ಈ ಸಲ ನಾನು ಮಾತಾಡಲೇಬೇಕು, ಹೆಸರೇ ಹಾಗಿದೆ.

ಮೊಳೆ ಬಿದ್ದಿದ್ರೆ ತುದಿಯಲ್ಲಿ ತೂತು ಇರಬೇಕು. ತೂತಿನ ಸುತ್ತ ತುಕ್ಕಿನ ಕಪ್ಪು ಕಲೆ ಇರಬೇಕು. ಇಲ್ಲಿ ತುದಿ ಮರದ್ದೇ, ದುಂಡಗಿದೆ, ಅದರ ಮೇಲೆ ಬಣ್ಣವೂ ಇದೆ. ತೀರಾ ಕೊನೆಯಲ್ಲಿ ಮಾತ್ರ ಸಣ್ಣ ಚುಕ್ಕೆಯಷ್ಟು ಬಣ್ಣ ಸವೆದಿದೆ. ಮೇಲೆ ಸಣ್ಣ ಕಡ್ಡಿ ಇದೆಯಲ್ಲ, ಅದರ ಬಣ್ಣ ಪೂರ್ತಿ ಹೋಗಿದೆ. ಹೆಬ್ಬೆರಳು, ತೋರುಬೆರಳು ಹಿಡಿದ ಜಾಗ ಅದು. ಬೆರಳಲ್ಲಿ ತಿರುಗಿಸೋ ಬುಗುರಿ. ಚಾಟಿ ಬುಗುರಿಯಾದ್ರೆ ಕೆಳಭಾಗದಲ್ಲಿ ಹಗ್ಗ ಜಾರದ ಹಾಗೆ ಗೀರುಗಳು ಇರ್ತವೆ, ಮೈಮೇಲೆ ನೆಲಕ್ಕೆ ಬಡಿದ ಗಾಯ, ಬೇರೆ ಬುಗುರಿಯ ಮೊಳೆಯಿಂದ ಬಿದ್ದ ಗುನ್ನ ಇರ್ತವೆ. ಇದರ ಮೈ ನುಣ್ಣಗಿದೆ. ಮೇಜಿನ ಮೇಲೆ ಆಡಿದ ಬುಗುರಿ.

ವಾದಪ್ರಿಯ
ಪಕ್ಕದಲ್ಲಿ ಒಂದು ತೂತು ಇದೆಯಲ್ಲ? ಗುಂಯ್ ಅಂತ ಶಬ್ದ ಮಾಡೋ ಬುಗುರಿ ಯಾಕಾಗಬಾರದು?

ಬೆರಳು_ಬುಗುರಿ
ಒಳ್ಳೇ ಪ್ರಶ್ನೆ. ಶಬ್ದ ಮಾಡೋ ಬುಗುರಿ ಒಳಗೆ ಟೊಳ್ಳು. ಪಕ್ಕದ ತೂತು ದೊಡ್ಡದು, ಅಂಚು ಹರಿತ. ಟೊಳ್ಳು ಮಾಡಬೇಕಾದ್ರೆ ಎರಡು ತುಂಡು ಮಾಡಿ ಅಂಟಿಸಿರಬೇಕು, ಆ ಜೋಡಣೆ ಯಾವುದಾದ್ರೂ ಬಣ್ಣದ ಪಟ್ಟಿಯ ಕೆಳಗೆ ಅಡಗಿರುತ್ತೆ. ಇಲ್ಲಿರೋ ತೂತು ಗುಂಡುಸೂಜಿಯ ತಲೆಯಷ್ಟೇ ಇದೆ. ನನಗೆ ಹುಳು ಕೊರೆದ ತೂತು ಅನ್ಸುತ್ತೆ. ಬಿಳಿ ಹಾಳೆಯ ಮೇಲೆ ಮೆಲ್ಲಗೆ ತಟ್ಟಿ ನೋಡಿ. ನುಣ್ಣನೆ ಹುಡಿ ಬಿದ್ರೆ ಹುಳು ಇನ್ನೂ ಒಳಗಿರಬಹುದು. ಹಾಗಿದ್ರೆ ಆ ಬುಗುರಿಯನ್ನ ಬೊಂಬೆಯ ಜೊತೆ ಇಡಬೇಡಿ.

ಹಳೇಪೆಟ್ಟಿಗೆ
ಅಯ್ಯೋ, ಹುಡಿ ಬಿತ್ತು. ಬುಗುರಿಯನ್ನ ಬೇರೆ ಕವರಿಗೆ ಹಾಕಿ ಬಾಯಿ ಕಟ್ಟಿಟ್ಟೆ.

ಇನ್ನೊಂದು ವಿಷಯ. ಬೊಂಬೆಯನ್ನು ಎತ್ತಿಡುವಾಗ ಒಳಗೆ ಏನೋ ಗಿಲಿಗಿಲಿ ಅಂತು. ಇದನ್ನ ಮೊದಲೇ ಹೇಳಬೇಕಿತ್ತಾ?

ವಾದಪ್ರಿಯ
ನೋಡಿದ್ರಾ! ಒಳಗೆ ಇನ್ನೊಂದು ಬೊಂಬೆ ಇದೆ. ನಾನು ಮೊದಲೇ ಹೇಳಿದ್ದೆ.

ಲೇತ್_ಮಾಸ್ಟರ್
ತಾಳಿ ಸ್ವಾಮಿ. ಒಳಗೆ ಬೊಂಬೆ ಇದ್ರೆ ಲೊಟ್ ಲೊಟ್ ಅಂತ ಭಾರವಾಗಿ ಬಡಿಯುತ್ತೆ. ಗಿಲಿಗಿಲಿ ಅಂದ್ರೆ ಸಣ್ಣ ಕಲ್ಲೋ ಕಾಳೋ ಇರಬೇಕು. ಬೆಳಿಗ್ಗೆ ಬುಡದ ಫೋಟೋ ಬರಲಿ.

ತೊಟ್ಟಿಲು_ಅಮ್ಮ
ಒಂದು ಅನುಮಾನ. ಇದು ಅರಗಿನ ಬಣ್ಣವಾ, ಪೇಂಟಾ ಅಂತ ಫೋಟೋದಲ್ಲಿ ಹೇಗೆ ಗೊತ್ತಾಗುತ್ತೆ? ಎಲ್ಲರೂ ಹೊಳೀತಾವಲ್ಲ ಅಂತಾರೆ, ಪೇಂಟೂ ಹೊಳೆಯುತ್ತೆ.

ಲೇತ್_ಮಾಸ್ಟರ್
ಹೊಳಪಿನಿಂದ ಗೊತ್ತಾಗಲ್ಲ ತಾಯಿ. ಅಂಚು ನೋಡಬೇಕು.

ಅರಗಿನ ಕೆಲಸ ಹೇಗೆ ನಡೆಯುತ್ತೆ ಅಂದ್ರೆ, ಲೇತಿನಲ್ಲಿ ಕಟ್ಟಿಗೆ ತಿರುಗ್ತಾ ಇರುತ್ತೆ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡೀತಾರೆ. ಉಜ್ಜುವ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತೆ. ಆಮೇಲೆ ಕೇದಗೆ ಎಲೆ ಒತ್ತಿ ಉಜ್ಜಿದ್ರೆ ಸಮವಾಗಿ ಹರಡಿ ಹೊಳಪು ಬರುತ್ತೆ. ಕುಂಚದ ಮಾತೇ ಇಲ್ಲ. ಹಾಗಾಗಿ ಬಣ್ಣದ ಪಟ್ಟಿಗಳು ಯಾವಾಗಲೂ ಮೈಸುತ್ತ ಪೂರ್ತಿ ಬಳೆಯಾಗಿರ್ತವೆ, ಅಂಚು ನೇರ. ಓರೆ ಬೆಳಕಿನಲ್ಲಿ ಸುತ್ತಲೂ ತೆಳ್ಳನೆ ಗೆರೆಗಳು ಕಾಣ್ತವೆ. ಆಳವಾದ ಗೀರಿನ ಮೂಲೆಗೆ ಕಡ್ಡಿ ಸರಿಯಾಗಿ ತಲುಪಲ್ಲ, ಅಲ್ಲಿ ಬಣ್ಣ ತೆಳುವಾಗಿರುತ್ತೆ.

ಕುಂಚದಲ್ಲಿ ಬಳಿದ ಪೇಂಟು ಇದಕ್ಕೆ ಉಲ್ಟಾ. ಗೀರಿನಲ್ಲೇ ಹೆಚ್ಚು ನಿಲ್ಲುತ್ತೆ. ಕೆಳಗೆ ಇಳಿದ ತೊಟ್ಟು, ಕುಂಚದ ಕೂದಲಿನ ಗೆರೆ ಎಲ್ಲಾದರೂ ಸಿಗುತ್ತೆ.

ಕಣ್ಣು, ಬಾಯಿ ಮಾತ್ರ ಎರಡರಲ್ಲೂ ಕುಂಚದ್ದೇ, ಯಾಕಂದ್ರೆ ಕಣ್ಣನ್ನ ಲೇತಿನಲ್ಲಿ ಬರೆಯೋಕಾಗಲ್ಲ. ಮುಖದಲ್ಲಿ ಕುಂಚದ ಗೆರೆ ಕಂಡು "ಇದು ಅರಗಲ್ಲ" ಅಂತ ತೀರ್ಮಾನ ಮಾಡಬೇಡಿ.

ನವಿಲುಗರಿ
ಬಣ್ಣ ಎದ್ದ ಜಾಗದ ಫೋಟೋ ಯಾಕೆ ಕೇಳಿದ್ರಿ?

ಲೇತ್_ಮಾಸ್ಟರ್
ಅರಗು ಚಕ್ಕೆಯಾಗಿ ಏಳುತ್ತೆ, ಅದರ ಕೆಳಗೆ ನೇರ ಮರ ಕಾಣುತ್ತೆ. ಕೊಂಡಪಲ್ಲಿ, ಕಿನ್ನಾಳದ ಬೊಂಬೆಗಳಲ್ಲಿ ಬಣ್ಣದ ಕೆಳಗೆ ಬಿಳಿ ಪದರ ಇರುತ್ತೆ. ಅವು ಕೆತ್ತಿ, ತುಂಡು ಜೋಡಿಸಿ, ಹುಣಸೆ ಬೀಜದ ಅಂಟಿನ ಸರಿ ಮೆತ್ತಿ, ಆಮೇಲೆ ಬಣ್ಣ ಹಾಕಿದ ಬೊಂಬೆಗಳು. ಅವುಗಳಲ್ಲಿ ಕೈಕಾಲು, ಬಟ್ಟೆಯ ಮಡಿಕೆ ಎಲ್ಲ ಇರುತ್ತೆ. ಒಂದು ಚಕ್ಕೆ ಎದ್ದ ಜಾಗ ನೋಡಿದ್ರೆ ಅರ್ಧ ಪ್ರಶ್ನೆ ಮುಗೀತು.

ಸುಮ್ನೆ_ಬಂದೆ
ಸುಲಭದ ದಾರಿ ಇದೆ. ಉಗುರಿನ ಬಣ್ಣ ತೆಗೆಯೋ ದ್ರವ ಇದೆಯಲ್ಲ, ಅದನ್ನ ಹತ್ತಿಗೆ ಹಾಕಿ ಮುಖಕ್ಕೆ ಒರೆಸಿ. ಬಣ್ಣ ಬಂದ್ರೆ ಅರಗು.

ಲೇತ್_ಮಾಸ್ಟರ್
ದಯವಿಟ್ಟು ಯಾರೂ ಹೀಗೆ ಮಾಡಬೇಡಿ! ಆ ದ್ರವ ಎಷ್ಟೋ ಥರದ ಪೇಂಟನ್ನೂ ಎಬ್ಬಿಸುತ್ತೆ, ಅದರಿಂದ ಏನೂ ಗೊತ್ತಾಗಲ್ಲ, ಮುಖ ಮಾತ್ರ ಹೋಗುತ್ತೆ. ಅರಗು ಕರಗೋದು ಸ್ಪಿರಿಟ್‌ನಲ್ಲಿ. ಮಾಡಲೇಬೇಕು ಅಂದ್ರೆ ಬುಡದ ಅಂಚಿನಲ್ಲಿ, ಯಾರಿಗೂ ಕಾಣದ ಕಡೆ, ಹತ್ತಿ ಕಡ್ಡಿಯ ತುದಿಗೆ ಸ್ವಲ್ಪ ಸ್ಪಿರಿಟ್ ತಾಗಿಸಿ ಮುಟ್ಟಿಸಿ. ಅಂಟಂಟಾಗಿ ಬಣ್ಣ ಬಂದ್ರೆ ಅರಗು. ಅದೂ ಪಕ್ಕಾ ಅಲ್ಲ, ಪೇಂಟಿನ ಮೇಲೆ ಅರಗಿನ ಪಾಲಿಷ್ ಹಾಕಿದ್ರೂ ಅಂಟು ಬರುತ್ತೆ. ಫೋಟೋದಲ್ಲಿ ಗೊತ್ತಾಗೋ ಹಾಗಿದ್ರೆ ಯಾಕೆ ಬೊಂಬೆಗೆ ಹಿಂಸೆ?

ಹಳೇಪೆಟ್ಟಿಗೆ
ಹೊಸ ಫೋಟೋ ಹಾಕಿದ್ದೇನೆ. ಕಿಟಕಿ ಬೆಳಕು, ಅಳತೆ ಪಟ್ಟಿ, ಎಲ್ಲಾ ಹೇಳಿದ ಹಾಗೆ. ಬುಡದಲ್ಲಿ ಬಣ್ಣ ಇಲ್ಲ. ಮಧ್ಯದಲ್ಲಿ ಇನ್ನೊಂದು ಸಣ್ಣ ವೃತ್ತ ಕಾಣ್ತಿದೆ. ಬರಹ, ಮುದ್ರೆ ಏನೂ ಇಲ್ಲ.

ಲೇತ್_ಮಾಸ್ಟರ್
ಇದು ಬೇಕಿತ್ತು ನೋಡಿ. ಸಿಕ್ಕಿತು.

ಬುಡದ ಹೊರ ಅಂಚಿನಲ್ಲಿ ಒಂದರೊಳಗೊಂದು ಸಣ್ಣ ಗೆರೆಗಳ ಬಳೆ ಇದೆ. ತಿರುಗ್ತಾ ಇರುವಾಗಲೇ ಉಳಿಯಲ್ಲಿ ಕತ್ತರಿಸಿ ಬಿಡಿಸಿದ ಗುರುತು. ಗರಗಸದಲ್ಲಿ ಕೊಯ್ದಿದ್ರೆ ಗೆರೆಗಳು ಅಡ್ಡಡ್ಡ ನೇರವಾಗಿರ್ತಿದ್ವು. ಇನ್ನು ಮಧ್ಯದ ವೃತ್ತ, ಪಟ್ಟಿಯ ಪ್ರಕಾರ ಸುಮಾರು 2 ಸೆಂಟಿಮೀಟರ್. ಅದರೊಳಗಿನ ಮರದ ಉಂಗುರಗಳು ಹೊರಗಿನ ಉಂಗುರಗಳ ಜೊತೆ ಸೇರ್ತಿಲ್ಲ. ಬೇರೆ ಕಟ್ಟಿಗೆಯ ಬಿರಡೆ ಅದು. ಬುಡದಿಂದ ಕೊರೆದು ಟೊಳ್ಳು ಮಾಡಿ, ಒಳಗೆ ಕಲ್ಲು ಅಥವಾ ಕಾಳು ಹಾಕಿ, ಬಿರಡೆ ಬಡಿದು, ಮತ್ತೆ ಲೇತಿನಲ್ಲಿ ಸಮ ಮಾಡಿದ್ದಾರೆ.

ಅಂದ್ರೆ ಇದು ಬೊಂಬೆಯ ಆಕಾರದ ಗಿಲಕಿ. ತೊಟ್ಟಿಲ ಮಗುವಿಗೆ ಅಲ್ಲಾಡಿಸೋದು.

ವಾದಪ್ರಿಯ
ಗಿಲಕಿನಾ! ಸರಿ ಬಿಡಿ, ಬುಡದ ಫೋಟೋ ನೋಡಿದ ಮೇಲೆ ನನ್ನ ಮತ್ರಿಯೋಷ್ಕಾ ಸೋತಿತು. ಊರು ಯಾವುದು ಹಾಗಾದ್ರೆ?

ಲೇತ್_ಮಾಸ್ಟರ್
ಬಣ್ಣದ ಅಂಚಿನ ಫೋಟೋದಲ್ಲಿ ಸುತ್ತು ಗೆರೆ ಸ್ಪಷ್ಟ, ಕುಂಚದ ಗುರುತು ಮುಖ ಬಿಟ್ಟು ಎಲ್ಲೂ ಇಲ್ಲ. ಚಕ್ಕೆ ಎದ್ದ ಕಡೆ ಬಿಳಿ ಪದರ ಇಲ್ಲ, ನೇರ ಮರ. ಮರ ಕೆನೆ ಬಿಳಿ, ರಂಧ್ರದ ಗೆರೆ ಕಾಣದಷ್ಟು ನುಣುಪು. ರಬ್ಬರ್ ಮರವಾಗಿದ್ರೆ ಸಣ್ಣ ಸಣ್ಣ ಕಂದು ಗೀಟುಗಳು ಕಾಣ್ತಿದ್ವು. ಇದು ಹಾಲೆ ಮರ ಅಂತ ಧೈರ್ಯವಾಗಿ ಹೇಳ್ತೇನೆ. ಲೇತಿನ ಅರಗಿನ ಕೆಲಸ, ಹಾಲೆ ಮರ. ಇಲ್ಲಿವರೆಗೆ ಗಟ್ಟಿ.

ಸುಮ್ನೆ_ಬಂದೆ
ಅದೇ ತಾನೇ ಚನ್ನಪಟ್ಟಣ! ಮೊದಲ ಉತ್ತರ ನಂದೇ.

ಲೇತ್_ಮಾಸ್ಟರ್
ಅಲ್ಲೇ ತೊಡಕು. ಆಂಧ್ರದ ಏಟಿಕೊಪ್ಪಾಕದಲ್ಲೂ ಇದೇ ಮರ, ಇದೇ ಲೇತು, ಇದೇ ಅರಗು. ಅಲ್ಲಿಯವರು ಆ ಮರವನ್ನು ಅಂಕುಡು ಅಂತಾರೆ. ಎರಡೂ ಕಡೆ ಗಿಲಕಿ ಮಾಡ್ತಾರೆ. ಇದೊಂದು ಫೋಟೋ ಇಟ್ಟುಕೊಂಡು ಇಂಥದೇ ಊರು ಅಂತ ನಾನು ಹೇಳಲಾರೆ. ಹೇಳ್ತೀನಿ ಅನ್ನೋರನ್ನ ನಂಬೋದೂ ಇಲ್ಲ.

ಸುಮ್ನೆ_ಬಂದೆ
ಚನ್ನಪಟ್ಟಣದ ಬೊಂಬೆ ನೋಡಿದ ತಕ್ಷಣ ಗೊತ್ತಾಗುತ್ತೆ ಸರ್. ಆ ಕೆಂಪು ಹಳದಿ ಬೇರೆ ಎಲ್ಲೂ ಬರಲ್ಲ.

ಬೆರಳು_ಬುಗುರಿ
ಕೆಂಪು ಹಳದಿ ಎಲ್ಲಾ ಕಡೆ ಬರುತ್ತೆ. ಭೌಗೋಳಿಕ ಗುರುತಿನ ಚೀಟಿ ಅಂಟಿಸಿದ್ದು ಸಿಕ್ಕಿದ್ರೆ ಹೇಳಬಹುದಿತ್ತು, ಆದ್ರೆ ಚನ್ನಪಟ್ಟಣಕ್ಕೆ ಆ ಮಾನ್ಯತೆ ಬಂದದ್ದೇ 2000ದ ನಂತರ, ಏಟಿಕೊಪ್ಪಾಕಕ್ಕೆ 2017ರಲ್ಲಿ. ಹಳೇ ಸಾಮಾನಿನಲ್ಲಿ ಎಲ್ಲಿ ಸಿಗುತ್ತೆ?

ನವಿಲುಗರಿ
ಟಿಪ್ಪು ಕಾಲದ್ದು ಇರಬಹುದಾ? ಅವನು ಪರ್ಶಿಯಾದಿಂದ ಕುಶಲಕರ್ಮಿಗಳನ್ನ ಕರೆಸಿದ್ದ ಅಂತಾರಲ್ಲ.

ಬೆರಳು_ಬುಗುರಿ
ನೇರಳೆ ಪಟ್ಟಿ ನೋಡಿ. ಇಷ್ಟು ಗಾಢ ನೇರಳೆ ರಾಸಾಯನಿಕ ಬಣ್ಣದ್ದು. ಪರ್ಕಿನ್ ಮೊದಲ ಕೃತಕ ನೇರಳೆ ಬಣ್ಣ ಮಾಡಿದ್ದು 1856ರಲ್ಲಿ. ಅದಕ್ಕೆ ಮುಂಚಿನದ್ದು ಆಗೋಕೆ ಸಾಧ್ಯವಿಲ್ಲ.

ಲೇತ್_ಮಾಸ್ಟರ್
ಅಷ್ಟು ಸಲೀಸಾಗಿ ಹೇಳಬೇಡಿ. ನೀಲಿಯ ಮೇಲೆ ಅರಗಿನ ಕೆಂಪು ಬೆರೆಸಿದ್ರೂ ನೇರಳೆ ಬರುತ್ತೆ. ಫೋಟೋದಲ್ಲಿ ಕಾಣೋ ಬಣ್ಣದಿಂದ ಗಿಡದ್ದಾ ರಾಸಾಯನಿಕದ್ದಾ ಅಂತ ಹೇಳೋಕಾಗಲ್ಲ. ಮೊಬೈಲು ತಾನೇ ಬಣ್ಣ ಹೆಚ್ಚು ಮಾಡಿ ತೋರಿಸುತ್ತೆ. ಗಿಡದ ಬಣ್ಣ ಅಂತಾದ್ರೂ ಹಳೇದು ಅಂತ ಅರ್ಥ ಅಲ್ಲ, ಈಗಲೂ ಅರಿಶಿನ, ನೀಲಿ ಬೆರೆಸಿ ಮಾಡೋರು ಇದ್ದಾರೆ.

ಬೆರಳು_ಬುಗುರಿ
ಬೆರೆಸಿದ ನೇರಳೆ ಇಷ್ಟು ವರ್ಷ ಹೀಗೆ ಉಳಿಯುತ್ತಾ? ಬೆಳಕಿಗೆ ಕೆಂಪು ಮೊದಲು ಸೋಲುತ್ತೆ, ನೀಲಿ ಉಳಿಯುತ್ತೆ.

ಲೇತ್_ಮಾಸ್ಟರ್
ಡಬ್ಬಿಯೊಳಗೆ ಕತ್ತಲಲ್ಲಿ ಇದ್ದಿದ್ರೆ ಉಳಿಯುತ್ತೆ. ಟಿಪ್ಪು ಕಾಲ ಅಂತ ನಾನೂ ಹೇಳ್ತಿಲ್ಲ. ಬಿರಡೆ ಸುತ್ತಿನ ಅಂಚು ನೋಡಿದ್ರೆ ಕೊರೆದ ತೂತು ಭಾರೀ ಕರಾರುವಾಕ್ಕು. ಕೈಯಲ್ಲಿ ಎಳೆಯೋ ಲೇತಿಗಿಂತ ಮೋಟಾರಿನ ಲೇತು ಅಂತ ನನ್ನ ಊಹೆ. ಊಹೆ ಅಷ್ಟೇ, ಒಳ್ಳೇ ಕೈಯಾದ್ರೆ ಎರಡರಲ್ಲೂ ಹೀಗೆ ಬರುತ್ತೆ.

ತೊಟ್ಟಿಲು_ಅಮ್ಮ
ಗಿಲಕಿ ಅಂದ ಮೇಲೆ ಕೇಳ್ತಿದ್ದೇನೆ. ನನ್ನ ಹತ್ತಿರವೂ ಇಂಥದ್ದೊಂದು ಹಳೇದಿದೆ. ಅರಗು ಅಂದ್ರೆ ಮಗು ಬಾಯಿಗೆ ಹಾಕಿದ್ರೂ ತೊಂದರೆ ಇಲ್ಲ ಅಲ್ವಾ?

ಲೇತ್_ಮಾಸ್ಟರ್
ಅರಗಿನಿಂದ ತೊಂದರೆ ಇಲ್ಲ, ಅದರಲ್ಲಿ ಬೆರೆಸಿದ ಬಣ್ಣ ಯಾವುದು ಅನ್ನೋದು ಪ್ರಶ್ನೆ. ಹಳೇ ಹಳದಿ, ಕೆಂಪು ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆ ಇದೆ, ಫೋಟೋ ನೋಡಿ ಇದೆ ಇಲ್ಲ ಅಂತ ಹೇಳಲಾಗದು. ಇನ್ನೊಂದು, ಹಳೇ ಬಿರಡೆ ಒಣಗಿ ಕುಗ್ಗಿರುತ್ತೆ. ಉದುರಿದ್ರೆ ಬಿರಡೆ, ಒಳಗಿನ ಕಲ್ಲು ಎರಡೂ ಮಗುವಿನ ಗಂಟಲಿಗೆ ಸರಿಯಾದ ಅಳತೆ. ಕೊಡಬೇಡಿ. ಮೇಲೆ ಎತ್ತಿಡಿ.

ತೊಟ್ಟಿಲು_ಅಮ್ಮ
ಸರಿ ಸರ್, ಈಗಲೇ ಎತ್ತಿಟ್ಟೆ. ಮಗು ಅಳ್ತಿದೆ, ಅದು ಬೇರೆ ಕಥೆ.

ಗೋಲಿಗುಂಡ
ಹಗಲಿನ ಫೋಟೋ ಬಂತಲ್ಲ, ಮಧ್ಯದ ಗೋಲಿಯ ತುದಿ ನೋಡಿ. ಒರಟು ಮಂಕಾಗಿಯೇ ಇದೆ. ಬಲ್ಬಿನ ನೆಪ ಮುಗೀತು.

ಬೆರಳು_ಬುಗುರಿ
ಮಂಕಾಗಿದೆ, ಒಪ್ಪಿದೆ. ಕೈಯಲ್ಲಿ ಮಾಡಿದ್ದು, ಆಡಿದ್ದು. ಲೌಷಾ ಅನ್ನೋದನ್ನ ಇನ್ನೂ ಒಪ್ಪಲ್ಲ.

ಹಳೇಪೆಟ್ಟಿಗೆ
ಎಲ್ಲರಿಗೂ ಥ್ಯಾಂಕ್ಸ್. ಡಬ್ಬಿಯ ಮೇಲೆ ಚೀಟಿ ಬರೀತಿದ್ದೇನೆ: "ಹಾಲೆ ಮರದ ಗಿಲಕಿ, ಅರಗಿನ ಬಣ್ಣ, ಚನ್ನಪಟ್ಟಣ ಅಥವಾ ಏಟಿಕೊಪ್ಪಾಕ". ಬಿರುಕಿಗೆ ಏನಾದ್ರೂ ತುಂಬಬೇಕಾ?

ಲೇತ್_ಮಾಸ್ಟರ್
ಏನೂ ತುಂಬಬೇಡಿ. ಮಳೆಗಾಲದಲ್ಲಿ ಮರ ಉಬ್ಬಿ ಬಿರುಕು ತಾನೇ ಸಣ್ಣದಾಗುತ್ತೆ. ಗಟ್ಟಿಯಾದ ಅಂಟು ತುಂಬಿದ್ರೆ ಆಗ ಜಾಗ ಸಾಲದೆ ಪಕ್ಕದಲ್ಲಿ ಹೊಸ ಬಿರುಕು ಬರುತ್ತೆ. ಬಿಸಿಲಿನಲ್ಲೂ ಇಡಬೇಡಿ, ಅರಗು ಮೆತ್ತಗಾಗಿ ಕಾಗದಕ್ಕೆ ಅಂಟಿಕೊಳ್ಳುತ್ತೆ. ಹತ್ತಿ ಬಟ್ಟೆಯಲ್ಲಿ ಸುತ್ತಿಡಿ.

ನವಿಲುಗರಿ
ನನ್ನದೊಂದು ಬೊಂಬೆ ಇದೆ. ಬುಡದಲ್ಲಿ ಕಪ್ಪು ಶಾಯಿಯ ಬರಹ ಇದೆ, ತಲೆ ತಿರುಗಿಸಿದ್ರೆ ಕೀಂ ಅಂತ ಶಬ್ದ ಬರುತ್ತೆ. ಫೋಟೋ ಇಲ್ಲೇ ಹಾಕಲಾ?

ಬೆರಳು_ಬುಗುರಿ
ತಲೆ ಕೀಂ ಅನ್ನುತ್ತಾ? ಜಪಾನಿನ ನರುಕೋ ಕೊಕೆಶಿ ಹಾಗೇ ಶಬ್ದ ಮಾಡೋದು. ಬೇರೆ ಚರ್ಚೆ ಶುರು ಮಾಡಿ ಮೇಡಂ, ಬುಡದ ಫೋಟೋ ಮೊದಲು ಹಾಕಿ.

ಆಟಗಾರ
ಗೋಲಿ ಆಟದ ನಿಯಮಕ್ಕೂ ಬೇರೆ ಚರ್ಚೆ ಶುರು ಮಾಡ್ಬೇಕಾ?